ಆ ದಿನ ಆಗದು, ಈ ದಿನ ಬರಬಲ್ಲೆ

2025ರ ಜೂನ್ 6, ಶುಕ್ರವಾರ ಸಂಜೆ. ಶಾಂತಿಗ್ರಾಮದಿಂದ ನನ್ನ ತಂಗಿಯ ಮಗಳು ಫೋನ್ ಮಾಡಿದಳು. ಹಾಸನದ ಕಾಲೇಜೊಂದರಲ್ಲಿ ಬಿಸಿಎ ಕೊನೆಯ ಸೆಮಿಸ್ಟರ್ ಓದುತ್ತಿದ್ದ ಹುಡುಗಿ. ಬೆಂಗಳೂರಿನ ರಾಜಾಜಿನಗರದಲ್ಲಿರುವ ಒಂದು ಕಂಪನಿಗೆ ಅರ್ಜಿ ಹಾಕಿದ್ದಳು. ಅಲ್ಲಿಂದ ಆಗಷ್ಟೇ ಇಮೇಲ್ ಬಂದಿತ್ತು.

"ಮಾವ, ಹನ್ನೆರಡನೇ ತಾರೀಕು ಬೆಳಗ್ಗೆ ಹತ್ತೂವರೆಗೆ ಇಂಟರ್‌ವ್ಯೂಗೆ ಬರ್ಬೇಕಂತೆ. ಅವತ್ತೇ ನನ್ ಲ್ಯಾಬ್ ಎಕ್ಸಾಮು. ಏನ್ ಮಾಡ್ಲಿ?"

ನಾನು ಬಹಳ ವರ್ಷ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಕೆಲಸ ಮಾಡಿದವನು. ಸಂದರ್ಶನಕ್ಕೆ ಕರೆ ಕಳಿಸುವುದು, ಬಂದವರನ್ನು ಕೂರಿಸುವುದು, ಬಾರದವರ ಹೆಸರಿನ ಮುಂದೆ 'ಗೈರು' ಎಂದು ಬರೆಯುವುದು, ಇವೆಲ್ಲ ನನ್ನ ಕೈಯಲ್ಲೇ ಆಗುತ್ತಿತ್ತು. ಆದ್ದರಿಂದ ಅವಳ ಪ್ರಶ್ನೆಗೆ ನನ್ನ ಉತ್ತರ ಮೇಜಿನ ಆ ಕಡೆ ಕೂತವನ ಉತ್ತರವೂ ಆಗಿತ್ತು. ಅವಳು ಮತ್ತು ನಾನು ಆ ಸಂಜೆ ಏನೇನು ಮಾಡಿದೆವು ಅನ್ನುವುದನ್ನೇ ಇವತ್ತು ನಿಮ್ಮ ಮುಂದೆ ಬಿಡಿಸಿ ಹೇಳುತ್ತೇನೆ.

ಮೊದಲು ಕೇಳಿದ್ದು, ಪರೀಕ್ಷೆಯ ದಿನ ಬದಲಾಗುತ್ತದೆಯೇ ಎಂದು. ಲ್ಯಾಬ್ ಪರೀಕ್ಷೆಯನ್ನು ತಂಡ ತಂಡವಾಗಿ ನಡೆಸುತ್ತಾರೆ. ಕೆಲವು ಸಲ ವಿಭಾಗದ ಮುಖ್ಯಸ್ಥರನ್ನು ಕೇಳಿಕೊಂಡರೆ ಒಂದು ತಂಡದಿಂದ ಇನ್ನೊಂದಕ್ಕೆ ಹೆಸರು ಬದಲಾಯಿಸಿಕೊಡುತ್ತಾರೆ. ಇವಳ ತಂಡವೇ ಕೊನೆಯದು. ಬೇರೆ ಕಾಲೇಜಿನಿಂದ ಬರುವ ಪರೀಕ್ಷಕರು ಹನ್ನೆರಡನೇ ತಾರೀಕಿಗೆ ಕೆಲಸ ಮುಗಿಸಿ ಹೊರಟುಬಿಡುತ್ತಾರೆ. ಅಲ್ಲಿಗೆ ಆ ಬಾಗಿಲು ಮುಚ್ಚಿತು. ಬದಲಾಯಿಸಿ ಎಂದು ಕೇಳಬೇಕಾದದ್ದು ಸಂದರ್ಶನವನ್ನೇ ಎಂದು ಖಾತ್ರಿಯಾಯಿತು. ಹೀಗೆ ಖಾತ್ರಿ ಮಾಡಿಕೊಳ್ಳದೆ ಬರೆಯಬಾರದು. ಕಂಪನಿಯವರು ಒಪ್ಪಿ ಬೇರೆ ದಿನ ಕೊಟ್ಟ ಮೇಲೆ, "ನಮ್ಮ ಪರೀಕ್ಷೆಯೇ ಮುಂದಕ್ಕೆ ಹೋಯಿತು, ಮೊದಲಿನ ದಿನವೇ ಬರುತ್ತೇನೆ" ಎಂದು ಬರೆದವರನ್ನು ನಾನು ಕಂಡಿದ್ದೇನೆ. ಅಷ್ಟರಲ್ಲಿ ಆ ಹೊತ್ತನ್ನು ಬೇರೊಬ್ಬರಿಗೆ ಕೊಟ್ಟಾಗಿರುತ್ತದೆ.

ಅವಳಿಗೆ ಇನ್ನೊಂದು ಯೋಚನೆ ಬಂತು. ಪರೀಕ್ಷೆ ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆಯವರೆಗೆ. ಅವತ್ತೇ ಮಧ್ಯಾಹ್ನ ಎರಡೂವರೆಗೆ ವಿಡಿಯೊದಲ್ಲಿ ಮಾತಾಡುತ್ತೇನೆ ಅಂದರೆ ಹೇಗೆ? ಕೇಳಲು ಚೆನ್ನಾಗಿದೆ. ಆದರೆ ಲ್ಯಾಬ್ ಪರೀಕ್ಷೆ ಹಾಳೆಯ ಮೇಲೆ ಮುಗಿಯುವುದೇ ಬೇರೆ, ನಿಜವಾಗಿ ಮುಗಿಯುವುದೇ ಬೇರೆ. ಬರೆದ ಪ್ರೋಗ್ರಾಂ ಓಡಿಸಿ ತೋರಿಸಬೇಕು, ಆಮೇಲೆ ಒಬ್ಬೊಬ್ಬರನ್ನೇ ಕರೆದು ವೈವಾ ಕೇಳುತ್ತಾರೆ. ಕೊನೆಯಲ್ಲಿ ಕರೆಸಿಕೊಂಡವರು ಎರಡು ಗಂಟೆಯ ತನಕ ಕಾದದ್ದುಂಟು. ಅಲ್ಲಿಂದ ಬಸ್ಸು ಹಿಡಿದು ಹದಿಮೂರು ಕಿಲೋಮೀಟರ್ ದೂರದ ಊರಿಗೆ ಬಂದು, ಕರೆಂಟ್ ಇದೆಯೋ ಇಲ್ಲವೋ ನೋಡಿ, ಸಿಗ್ನಲ್ ಸಿಗುವ ಮೂಲೆ ಹುಡುಕಿ ಕೂರಬೇಕು. ಒಮ್ಮೆ ತಪ್ಪಿದ ಹೊತ್ತಿಗೆ ಬದಲಿ ಕೇಳಿ ಆ ಬದಲಿಯನ್ನೂ ತಪ್ಪಿಸಿದರೆ ಮೂರನೆಯದನ್ನು ಯಾರೂ ಕೊಡುವುದಿಲ್ಲ. ಬೇಡ ಮಗಳೇ ಅಂದೆ. ನಾವು ಮುಂದಿಡುವ ಒಂದೊಂದು ಹೊತ್ತೂ ನಾವು ಖಂಡಿತವಾಗಿ ಬಂದು ಕೂರಬಲ್ಲ ಹೊತ್ತಾಗಿರಬೇಕು.

ಆಮೇಲೆ ಗೋಡೆಯ ಕ್ಯಾಲೆಂಡರ್ ತೆಗೆಯಲು ಹೇಳಿದೆ. ನಾನೂ ಇಲ್ಲಿ ನನ್ನದನ್ನು ತೆಗೆದೆ.

ಹನ್ನೆರಡು ಗುರುವಾರ. ಅದಕ್ಕಿಂತ ಮೊದಲಿನ ದಿನವೊಂದನ್ನು ಕೊಡಲು ಸಾಧ್ಯವೇ ಎಂದು ಮೊದಲು ನೋಡಿದೆವು. ಅಭ್ಯರ್ಥಿಯೇ ಮುಂಚಿನ ದಿನ ಕೊಟ್ಟರೆ ಕಂಪನಿಯವರಿಗೆ ಅನುಕೂಲ. ಆಯ್ಕೆಯ ಕೆಲಸ ಇವರೊಬ್ಬರಿಗಾಗಿ ತಡವಾಗುವುದಿಲ್ಲ. ಆದರೆ ಜೂನ್ 7 ಶನಿವಾರ ಬಕ್ರೀದ್, ಮಾರನೆಯ ದಿನ ಭಾನುವಾರ. ನಮ್ಮ ಪತ್ರವನ್ನು ಅವರು ತೆರೆದು ನೋಡುವುದೇ ಸೋಮವಾರ, ಒಂಬತ್ತನೇ ತಾರೀಕಿಗೆ. ಸೋಮವಾರ ಓದುವವರಿಗೆ ಮಂಗಳವಾರವೇ ನನ್ನನ್ನು ನೋಡಿ ಅನ್ನುವುದು ಅವರ ಕೊರಳಿಗೆ ಬಿದ್ದಂತೆ. ಬುಧವಾರ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗಿದರೆ ಗುರುವಾರದ ಪರೀಕ್ಷೆ ಕೆಡುತ್ತದೆ. ಹಾಗಾಗಿ ಮುಂಚಿನ ದಿನ ಇಲ್ಲ.

ಮುಂದಿನದು ಹದಿಮೂರು, ಶುಕ್ರವಾರ. ಅದು ಆಗುತ್ತದೆ. ಹದಿನಾಲ್ಕು ಎರಡನೇ ಶನಿವಾರ. ಸರ್ಕಾರಿ ಕಚೇರಿ, ಬ್ಯಾಂಕುಗಳಿಗೆ ಅವತ್ತು ರಜೆ ಅನ್ನುವುದು ಎಲ್ಲರಿಗೂ ಗೊತ್ತು. ಬೆಂಗಳೂರಿನ ಎಷ್ಟೋ ಕಂಪನಿಗಳಿಗೆ ಶನಿವಾರವೆಲ್ಲ ರಜೆಯೇ. ಅವಳು ಹದಿನಾಲ್ಕನ್ನೂ ಬರೆದುಕೊಂಡಿದ್ದಳು. ಹೊಡೆದುಹಾಕಿಸಿದೆ. ರಜೆಯ ದಿನವನ್ನು ಮುಂದಿಟ್ಟರೆ, ಎಣಿಕೆಗೆ ಮೂರು ಹೊತ್ತು ಕೊಟ್ಟಂತೆ ಕಂಡರೂ ಕೊಟ್ಟದ್ದು ಎರಡೇ. ಹದಿನಾರು ಸೋಮವಾರ, ಹದಿನೇಳು ಮಂಗಳವಾರ, ಎರಡೂ ಸರಿ.

ದಿನಗಳಾದವು, ಗಂಟೆ ಗೊತ್ತು ಮಾಡಬೇಕು. ಇಲ್ಲಿ ದಾರಿಯ ಲೆಕ್ಕ ಬಂತು. ಶಾಂತಿಗ್ರಾಮ ಹೆದ್ದಾರಿಯ ಮೇಲಿದೆ ನಿಜ. ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಕುಣಿಗಲ್ ಹಾದು ನೆಲಮಂಗಲ ಮುಟ್ಟುವವರೆಗೆ ದಾರಿ ಸಲೀಸು. ಬೆಂಗಳೂರಿನ ಬಾಗಿಲಲ್ಲಿ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಮೊದಲೇ ಹೇಳಲಾರರು. ಜಾಲಹಳ್ಳಿಯಲ್ಲಿ ಬಸ್ಸಿಳಿದು ಮೆಟ್ರೊ ಹತ್ತಿದರೆ ರಾಜಾಜಿನಗರ ಹತ್ತಿರ. ಒಟ್ಟು ಐದು ಗಂಟೆ ಹಿಡಿದುಕೊ ಅಂದೆ. ಬೆಳಗಿನ ಐದೂವರೆಗೆ ಮನೆ ಬಿಟ್ಟರೆ ಹತ್ತೂವರೆಗೆ ಕಂಪನಿಯ ಬಾಗಿಲು. ಮುಖ ತೊಳೆದು, ನೀರು ಕುಡಿದು ಸುಧಾರಿಸಿಕೊಳ್ಳಲು ಒಂದು ಗಂಟೆ. ಶುಕ್ರವಾರ ಮತ್ತು ಸೋಮವಾರಕ್ಕೆ ಹನ್ನೊಂದೂವರೆಯಿಂದ ನಾಲ್ಕರವರೆಗೆ ಎಂದು ಬರೆದೆವು. ಮಂಗಳವಾರಕ್ಕೆ ಬೇರೆ ಏರ್ಪಾಡು. ದಾಸರಹಳ್ಳಿಯಲ್ಲಿ ಅವಳ ಚಿಕ್ಕಮ್ಮನ ಮನೆಯಿದೆ, ಹಿಂದಿನ ಸಂಜೆಯೇ ಹೋಗಿ ಉಳಿಯಬಹುದು. ಆದ್ದರಿಂದ ಮಂಗಳವಾರ ಬೆಳಗ್ಗೆ ಹತ್ತರಿಂದ ಒಂದರವರೆಗೆ. ಬೆಳಗಿನ ಹೊತ್ತೇ ಬೇಕು ಅನ್ನುವ ಅಧಿಕಾರಿಗಳಿರುತ್ತಾರೆ, ಅವರಿಗೂ ಒಂದು ದಾರಿ ಇರಲಿ ಎಂದು.

ಮೂರೇ ಯಾಕೆ ಅಂತ ಅವಳು ಕೇಳಿದಳು. "ಯಾವತ್ತಾದ್ರೂ ಬರ್ತೀನಿ ಅಂತ ಬರೆದ್ರೆ ಇನ್ನೂ ಮರ್ಯಾದೆ ಅಲ್ವಾ ಮಾವ?" ಬಹಳ ಮಂದಿ ಹಾಗೇ ತಿಳಿದಿರುತ್ತಾರೆ. ನನ್ನ ಮೇಜಿನ ಕಡೆಯಿಂದ ಹೇಳುತ್ತೇನೆ, ಕೇಳಿ. ಸಂದರ್ಶನ ಮಾಡುವವರು ಒಬ್ಬರಲ್ಲ. ನಮ್ಮಲ್ಲಿ ಮೂವರು ಕೂರುತ್ತಿದ್ದರು. ಒಬ್ಬರು ಆ ಕೆಲಸ ಬಲ್ಲವರು, ಒಬ್ಬರು ಮೇಲಧಿಕಾರಿ, ಒಬ್ಬ ನಾನು. ಮೂವರೂ ಬಿಡುವಾಗಿರುವ ಅರ್ಧ ಗಂಟೆಯನ್ನು ಹುಡುಕುವುದು ಮದುವೆಗೆ ಮುಹೂರ್ತ ಹುಡುಕಿದ ಹಾಗೆ. "ಯಾವತ್ತಾದರೂ ಸರಿ" ಎಂದು ಬರೆದ ಪತ್ರವನ್ನು ಹಿಡಿದು ನಾನು ಇಬ್ಬರ ಹತ್ತಿರವೂ ಹೋಗಿ "ನಿಮಗೆ ಯಾವಾಗ?" ಎಂದು ಮೊದಲಿಂದ ಕೇಳಬೇಕಿತ್ತು. ಒಬ್ಬರು ಆಮೇಲೆ ಹೇಳುತ್ತೇನೆ ಅನ್ನುವರು, ಪತ್ರ ಅಲ್ಲೇ ಕೂರುವುದು. ಅದೇ ಮೂರು ಹೊತ್ತು ಬರೆದ ಪತ್ರವಾದರೆ, "ಶುಕ್ರವಾರವೋ ಸೋಮವಾರವೋ?" ಎಂದು ಕಾರಿಡಾರಿನಲ್ಲಿ ನಿಂತೇ ಕೇಳಿ ಮುಗಿಸಬಹುದಿತ್ತು. ಒಂದೇ ಹೊತ್ತು ಕೊಟ್ಟರೆ ಅಪ್ಪಣೆ ಮಾಡಿದಂತಾಗುತ್ತದೆ. ಏಳೆಂಟು ಕೊಟ್ಟರೆ, ಕೊಟ್ಟವರು ಅಷ್ಟನ್ನೂ ಉತ್ತರ ಬರುವ ತನಕ ಖಾಲಿ ಇಟ್ಟುಕೊಳ್ಳಬೇಕು, ಅದು ಆಗುವ ಮಾತಲ್ಲ. ಕೊಟ್ಟ ಹೊತ್ತನ್ನು ಬೇರೆ ಯಾವುದಕ್ಕೂ ಬಳಸದೆ ಕಾಯಬೇಕು ಅನ್ನುವುದನ್ನು ನಾನು ಅವಳಿಗೆ ಎರಡು ಸಲ ಹೇಳಿದೆ. ಹದಿಮೂರಕ್ಕೆ ಗೆಳತಿಯ ಮನೆಯಲ್ಲಿ ಗೃಹಪ್ರವೇಶ ಇತ್ತಂತೆ; ಬರಲಾಗುವುದು ಖಚಿತವಿಲ್ಲ ಎಂದು ಗೆಳತಿಗೆ ಅಂದೇ ತಿಳಿಸಿದಳು.

ಇನ್ನು ಪತ್ರ. ಸಾಮಾನ್ಯವಾಗಿ ನಾನು ಮೊದಲು ಫೋನ್, ಆಮೇಲೆ ಪತ್ರ ಅನ್ನುವವನು. ದನಿ ಕೇಳಿದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ. ಆದರೆ ಅವತ್ತು ಸಂಜೆ ಕಚೇರಿ ಮುಚ್ಚಿತ್ತು, ಮುಂದೆ ಎರಡು ದಿನ ರಜೆ. ರಜೆಯ ದಿನ ಅಧಿಕಾರಿಯ ಸ್ವಂತ ನಂಬರಿಗೆ ಫೋನ್ ಮಾಡುವುದು ಸರಿಯಲ್ಲ. ಹಾಗಾಗಿ ಅಂದೇ ರಾತ್ರಿ ಪತ್ರ ಕಳಿಸಿ, ಸೋಮವಾರ ಕಚೇರಿ ತೆರೆದ ಮೇಲೆ ಫೋನ್ ಮಾಡುವುದು ಎಂದಾಯಿತು. ಹೊಸ ಪತ್ರ ತೆರೆಯಬೇಡ, ಅವರು ಕಳಿಸಿದ ಪತ್ರಕ್ಕೇ ಉತ್ತರ ಬರೆ ಅಂದೆ. ಅದರ ಜೊತೆ ಇನ್ನಿಬ್ಬರ ವಿಳಾಸವೂ ಇದ್ದರೆ ಅವರಿಗೂ ಹೋಗುವ ಹಾಗೆ. ಆ ಇಬ್ಬರಲ್ಲಿ ಒಬ್ಬರು ಸಂದರ್ಶನ ಮಾಡುವವರೇ ಇರಬಹುದು.

ಅವಳು ಮೊದಲು ಬರೆದು ಓದಿದ ಪತ್ರದಲ್ಲಿ ಕ್ಷಮೆ ನಾಲ್ಕು ಸಲ ಬಂದಿತ್ತು. ಅಪ್ಪನಿಗೆ ಹೊಲದ ಕೆಲಸ, ಮನೆಯ ಕಷ್ಟ, ಈ ಕೆಲಸ ಎಷ್ಟು ಮುಖ್ಯ, ಎಲ್ಲ ಇತ್ತು. ದಿನ ಮತ್ತು ಗಂಟೆ ಮಾತ್ರ ಕೊನೆಯ ಸಾಲಿನಲ್ಲಿ. ಓದುವವರು ಆ ಸಾಲನ್ನು ತಲುಪುವ ಹೊತ್ತಿಗೆ ಅವರ ಮನಸ್ಸು ಬೇರೆಡೆ ಹೋಗಿರುತ್ತದೆ. ಬೇಡಿಕೊಳ್ಳುವ ಧಾಟಿಯಿಂದ ಇನ್ನೊಂದು ಕೆಡುಕಿದೆ. ಅದನ್ನು ಓದಿದವರಿಗೆ ಇಲ್ಲ ಅನ್ನುವುದು ಕಷ್ಟವಾಗಿ, ಉತ್ತರವನ್ನೇ ಬರೆಯದೆ ಬಿಡುತ್ತಾರೆ. ಫೋನಿನಲ್ಲೇ ಇಬ್ಬರೂ ಸೇರಿ ಮತ್ತೆ ಬರೆದೆವು. ಪತ್ರ ಹೋದದ್ದು ಇಂಗ್ಲಿಷಿನಲ್ಲಿ. ಅದರ ಒಕ್ಕಣೆಯನ್ನು ಕನ್ನಡದಲ್ಲಿ ಹೇಳುತ್ತೇನೆ.

"ಮಾನ್ಯರೇ, ಜೂನ್ 12, ಗುರುವಾರ ಬೆಳಗ್ಗೆ 10.30ಕ್ಕೆ ನನ್ನನ್ನು ಸಂದರ್ಶನಕ್ಕೆ ಕರೆದಿರುವುದಕ್ಕೆ ಧನ್ಯವಾದಗಳು. ಅದೇ ದಿನ ಬೆಳಗ್ಗೆ 9.30ರಿಂದ ಹಾಸನದಲ್ಲಿ ನನ್ನ ಅಂತಿಮ ಸೆಮಿಸ್ಟರಿನ ಲ್ಯಾಬ್ ಪರೀಕ್ಷೆ ಇದೆ. ಅದನ್ನು ಬದಲಾಯಿಸಲು ಅವಕಾಶವಿಲ್ಲ. ವೇಳಾಪಟ್ಟಿಯನ್ನು ಲಗತ್ತಿಸಿದ್ದೇನೆ. ಇದರಿಂದ ತಮಗಾಗುವ ತೊಂದರೆಗೆ ಕ್ಷಮೆ ಇರಲಿ. ಈ ಕೆಳಗಿನ ಯಾವುದೇ ಹೊತ್ತಿನಲ್ಲಿ ತಮ್ಮ ಕಚೇರಿಗೆ ಬರಬಲ್ಲೆ: ಜೂನ್ 13, ಶುಕ್ರವಾರ, ಬೆಳಗ್ಗೆ 11.30ರಿಂದ ಸಂಜೆ 4. ಜೂನ್ 16, ಸೋಮವಾರ, ಬೆಳಗ್ಗೆ 11.30ರಿಂದ ಸಂಜೆ 4. ಜೂನ್ 17, ಮಂಗಳವಾರ, ಬೆಳಗ್ಗೆ 10ರಿಂದ ಮಧ್ಯಾಹ್ನ 1. ಈ ಮೂರೂ ತಮಗೆ ಅನುಕೂಲವಾಗದಿದ್ದರೆ ತಮಗೆ ಒಗ್ಗುವ ದಿನವನ್ನು ತಿಳಿಸಿ, ಹೊಂದಿಸಿಕೊಳ್ಳಲು ಪ್ರಯತ್ನಿಸುತ್ತೇನೆ. ಸೋಮವಾರ, ಜೂನ್ 9ರಂದು ಬೆಳಗ್ಗೆ 11ರ ನಂತರ ತಮ್ಮ ಕಚೇರಿಗೆ ಫೋನ್ ಮಾಡುತ್ತೇನೆ." ಕೆಳಗೆ ಹೆಸರು, ಯಾವ ಕೆಲಸಕ್ಕೆ ಅರ್ಜಿ, ಫೋನ್ ನಂಬರು.

ಅಷ್ಟೇ. ಕ್ಷಮೆ ಒಂದು ಸಲ, ಕಾರಣ ಎರಡು ಸಾಲು. ಕಾರಣಕ್ಕೆ ಕಾಗದದ ಆಧಾರವಿದ್ದರೆ ಜೊತೆಗಿಡುವುದು ಒಳ್ಳೆಯದು, ಅವರೇ ಕೇಳುವ ತನಕ ಕಾಯುವುದು ಬೇಡ. ಕಾರಣ ಪರೀಕ್ಷೆಯಲ್ಲ, ಇನ್ನೊಂದು ಕಂಪನಿಯ ಸಂದರ್ಶನವೇ ಆಗಿದ್ದರೆ ಏನು ಬರೆಯುವುದು ಎಂದು ಕೇಳುವವರಿದ್ದಾರೆ. "ಆ ಹೊತ್ತಿಗೆ ಮೊದಲೇ ಒಪ್ಪಿಕೊಂಡ ಕೆಲಸವೊಂದಿದೆ" ಎಂದರೆ ಸಾಕು. ಅದು ನಿಜ, ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಅಜ್ಜಿಗೆ ಹುಷಾರಿಲ್ಲ ಎಂದು ಸುಳ್ಳು ಬರೆದವರು ಸಂದರ್ಶನದ ದಿನ "ಈಗ ಅಜ್ಜಿ ಹೇಗಿದ್ದಾರೆ?" ಎಂದು ನಾವು ಅಕ್ಕರೆಯಿಂದ ಕೇಳಿದಾಗ ಮಾತು ಸಿಗದೆ ತಡವರಿಸಿದ್ದನ್ನು ನೋಡಿ ನನಗೆ ನೋವಾಗಿದೆ.

ಪತ್ರದಲ್ಲಿ ಪ್ರತಿಸಲವೂ ತಾರೀಕು, ವಾರ, ಗಂಟೆ ಮೂರನ್ನೂ ಬರೆಸಿದೆ. ಇಷ್ಟು ಯಾಕೆ ಎಂದು ಅವಳು ಕೇಳಿದಾಗ ನಾನು ಹೇಳಿದ ಒಂದು ಘಟನೆಯನ್ನು ನಿಮಗೂ ಹೇಳಬೇಕು. ಅದು ನನ್ನಿಂದಾದ ತಪ್ಪು.

ಮೊಬೈಲ್ ಇನ್ನೂ ಬಂದಿರದ ಕಾಲ. ಅರ್ಜಿಯಲ್ಲಿ ಪಿ.ಪಿ. ನಂಬರ್ ಎಂದು ಪಕ್ಕದ ಮನೆಯದೋ ಅಂಗಡಿಯದೋ ಫೋನ್ ನಂಬರು ಕೊಡುತ್ತಿದ್ದರು. ಒಂದು ಬುಧವಾರ ನಮ್ಮಲ್ಲಿ ಸಂದರ್ಶನ ಇತ್ತು. ಮಂಗಳವಾರ ಸಂಜೆ ನಮ್ಮ ಮೇಲಧಿಕಾರಿಗೆ ಬೆಂಗಳೂರಿನಲ್ಲಿ ಸಭೆ ಬಂತು. ಬುಧವಾರದ್ದನ್ನು ಗುರುವಾರಕ್ಕೆ ಹಾಕಿದೆವು. ಬರಬೇಕಾದ ಐವರಿಗೆ ನಾನೇ ಕೂತು ಫೋನ್ ಮಾಡಿಸಿದೆ. ಅರಕಲಗೂಡು ಕಡೆಯ ಒಬ್ಬ ಹುಡುಗನ ನಂಬರು ಅವರೂರಿನ ಅಂಗಡಿಯದು. ರಾತ್ರಿ ಎಂಟೂವರೆಗೆ ಅಂಗಡಿಯವರು ಫೋನ್ ಎತ್ತಿಕೊಂಡರು. "ನಾಳೆ ಬೇಡವಂತೆ, ನಾಳಿದ್ದು ಬರಬೇಕಂತೆ" ಎಂದು ಹೇಳಿಸಿದೆವು. ಅಂಗಡಿಯವರು ಚೀಟಿಯಲ್ಲಿ ಬರೆದಿಟ್ಟುಕೊಂಡು, ಬೆಳಗ್ಗೆ ಬಸ್ಸಿಗೆ ಹೊರಟ ಹುಡುಗನ ಕೈಗೆ ಕೊಟ್ಟರು. ಮಂಗಳವಾರ ರಾತ್ರಿಯ ನಾಳಿದ್ದು ಗುರುವಾರ. ಬುಧವಾರ ಬೆಳಗ್ಗೆ ಓದಿದವನಿಗೆ ನಾಳಿದ್ದು ಶುಕ್ರವಾರ.

ಅವನು ಶುಕ್ರವಾರ ಬಂದ. ಇಸ್ತ್ರಿ ಮಾಡಿದ ಅಂಗಿ, ಅಂಕಪಟ್ಟಿಗಳ ಫೈಲು. ಗುರುವಾರವೇ ನಾವು ಅವನ ಹೆಸರಿನ ಮುಂದೆ ಗೈರು ಎಂದು ಬರೆದಿದ್ದೆವು, ಹುದ್ದೆಗೆ ಬೇರೊಬ್ಬರನ್ನು ಆರಿಸಿಯೂ ಆಗಿತ್ತು. ಚೀಟಿಯನ್ನು ಅವನು ನನ್ನ ಮೇಜಿನ ಮೇಲಿಟ್ಟ. ಅದರಲ್ಲಿ 'ನಾಳಿದ್ದು' ಎಂಬ ಒಂದೇ ಪದ ಇತ್ತು. ಬಸ್ ಚಾರ್ಜು ಕೊಡಲು ಹೋದೆ, ಬೇಡ ಸಾರ್ ಅಂದ. ಆ ದಿನದಿಂದ ನಾನು ನಾಳೆ, ನಾಳಿದ್ದು ಅನ್ನುವ ಮಾತುಗಳನ್ನು ಕಚೇರಿಯ ಸಂದೇಶಗಳಲ್ಲಿ ಬಳಸಲಿಲ್ಲ.

ಈ ವಿಷಯದಲ್ಲಿ ನಮ್ಮ ಮಾತೇ ನಮ್ಮನ್ನು ಜಾರಿಸುತ್ತದೆ. 'ಮುಂದಿನ ಸೋಮವಾರ' ಅಂದರೆ ಶುಕ್ರವಾರ ಕೇಳಿದವರಲ್ಲಿ ಕೆಲವರಿಗೆ ಮೂರು ದಿನ, ಕೆಲವರಿಗೆ ಹತ್ತು ದಿನ. 'ಬರೋ ಸೋಮವಾರ', 'ಅದರಾಚೆ ಸೋಮವಾರ' ಎಂದು ಮನೆಯಲ್ಲಿ ಬಿಡಿಸಿ ಹೇಳುತ್ತೇವೆ, ಪತ್ರದಲ್ಲಿ ಮರೆಯುತ್ತೇವೆ. 'ಮುಂದಕ್ಕೆ ಹಾಕಿದ್ದೇವೆ' ಅಂದರೆ ತಡವಾಗಿ ಎಂದೇ ಹೆಚ್ಚಿನವರು ತಿಳಿಯುತ್ತಾರೆ. 'ಸ್ವಲ್ಪ ಮುಂದಕ್ಕೆ ತಂದಿದ್ದೇವೆ' ಅಂದರೆ ಬೇಗ ಎಂದು ಒಬ್ಬರು, ತಡ ಎಂದು ಇನ್ನೊಬ್ಬರು. 'ಹನ್ನೆರಡು ಗಂಟೆಗೆ' ಎಂದು ಬರೆಯುವುದಕ್ಕಿಂತ 'ಮಧ್ಯಾಹ್ನ 12ಕ್ಕೆ' ಎಂದು ಬರೆಯುವುದು ಲೇಸು. ಮಗ ಅಮೆರಿಕದಲ್ಲೋ ದುಬೈಯಲ್ಲೋ ಕೂತು ವಿಡಿಯೊದಲ್ಲಿ ಸಂದರ್ಶನ ಕೊಡುವವನಾದರೆ 'ಭಾರತದ ಸಮಯ' ಎಂಬ ಎರಡು ಪದ ಸೇರಿಸಲೇಬೇಕು. ತಾರೀಕಿನ ಪಕ್ಕದಲ್ಲಿ ವಾರವನ್ನೂ ಬರೆಯುವುದರ ಲಾಭ ಇದು: ಎರಡರಲ್ಲಿ ಒಂದು ತಪ್ಪಿದ್ದರೆ ಓದಿದವರಿಗೆ ಕೂಡಲೇ ಹೊಂದಿಕೆಯಾಗದೆ ಕಾಣುತ್ತದೆ, ತಿರುಗಿ ಕೇಳುತ್ತಾರೆ. ತಾರೀಕು ಒಂದೇ ಇದ್ದರೆ ತಪ್ಪು ತಪ್ಪಾಗಿಯೇ ಉಳಿಯುತ್ತದೆ.

ದಿನ ಬದಲಾಯಿಸುವವರು ಕರೆದವರೇ ಆದಾಗ ಹೊಣೆ ಇನ್ನೂ ಹೆಚ್ಚು. ಅಭ್ಯರ್ಥಿ ಅಷ್ಟರಲ್ಲಿ ರಜೆ ಹಾಕಿರುತ್ತಾರೆ, ಟಿಕೆಟ್ ತೆಗೆದಿರುತ್ತಾರೆ. ಅವರಿಗೆ ಹೊಸ ದಿನವನ್ನು ಹೇರದೆ ಎರಡು ಮೂರು ದಿನ ಮುಂದಿಟ್ಟು ಅವರನ್ನೇ ಆರಿಸಲು ಬಿಡಬೇಕು, ಬದಲಾವಣೆಯಿಂದ ಅವರ ಅರ್ಜಿಗೆ ಏನೂ ಆಗುವುದಿಲ್ಲ ಎಂದು ಒಂದು ಸಾಲು ಬರೆಯಬೇಕು. ಆ ಸಾಲಿಲ್ಲದಿದ್ದರೆ ಹುಡುಗರು ರಾತ್ರಿಯೆಲ್ಲ ಯೋಚಿಸುತ್ತಾರೆ. ಸಾವಿರಾರು ಜನ ಸೇರಿರುವ ಕಡೆ ಮಾತ್ರ ಇದು ಬಲು ತೊಡಕು. 2024ರಲ್ಲಿ ನಮ್ಮ ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಪರೀಕ್ಷೆ ಆಗಸ್ಟ್ 25, ಭಾನುವಾರ ಎಂದು ಗೊತ್ತಾಗಿತ್ತು. ಅದೇ ದಿನ ಬ್ಯಾಂಕ್ ನೇಮಕಾತಿಯ ಪರೀಕ್ಷೆಯೂ ಬಿತ್ತು. ಎರಡಕ್ಕೂ ಅರ್ಜಿ ಹಾಕಿದವರಿಗಾಗಿ ಆಯೋಗ ತನ್ನ ಪರೀಕ್ಷೆಯನ್ನು 27, ಮಂಗಳವಾರಕ್ಕೆ ಸರಿಸಿತು. ಭಾನುವಾರದ ಘರ್ಷಣೆ ತಪ್ಪಿತು, ಆದರೆ ಕೆಲಸದಲ್ಲಿದ್ದುಕೊಂಡು ಓದುತ್ತಿದ್ದವರು ವಾರದ ನಡುವೆ ರಜೆ ಹುಡುಕಬೇಕಾಯಿತು. ಒಬ್ಬರಿಗೇ ಮೂರು ಹೊತ್ತು ಕೊಟ್ಟು ಕೇಳಬಹುದು. ಲಕ್ಷ ಜನರಿಗೆ ಒಂದೇ ಹೊತ್ತು.

ಹಾಗೆಯೇ ಎಲ್ಲೆಡೆ ಕೇಳಲೂ ಆಗುವುದಿಲ್ಲ. ಕೇಂದ್ರ ಲೋಕಸೇವಾ ಆಯೋಗ ನಾಗರಿಕ ಸೇವೆಗಳ ಸಂದರ್ಶನಕ್ಕೆ ಕರೆಯುವಾಗಲೇ, ಗೊತ್ತುಪಡಿಸಿದ ದಿನ ಮತ್ತು ಹೊತ್ತಿನ ಬದಲಾವಣೆಯ ಕೋರಿಕೆಯನ್ನು ಸಾಮಾನ್ಯವಾಗಿ ಪರಿಗಣಿಸುವುದಿಲ್ಲ ಎಂದು ತನ್ನ ಪ್ರಕಟಣೆಯಲ್ಲಿ ಹೇಳಿಬಿಡುತ್ತದೆ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಇಂಥ ದಿನ ದಾಖಲೆಗಳೊಂದಿಗೆ ಹಾಜರಾಗಿ ಅನ್ನುವ ನೇರ ಸಂದರ್ಶನಗಳಲ್ಲೂ ಬದಲಿ ದಿನ ಇರುವುದಿಲ್ಲ, ಬಂದವರಲ್ಲಿ ಆರಿಸುತ್ತಾರೆ, ಅಷ್ಟೆ. ಕರೆಪತ್ರದ ಕೊನೆಯ ಸೂಚನೆಗಳನ್ನು ಓದಿದ ಮೇಲೆಯೇ ಬದಲಿ ಕೇಳುವುದು ಸರಿ. ನನ್ನ ತಂಗಿಯ ಮಗಳಿಗೆ ಬಂದ ಪತ್ರದ ಕೊನೆಯಲ್ಲಿ "ತೊಂದರೆ ಇದ್ದಲ್ಲಿ ಎರಡು ದಿನ ಮುಂಚಿತವಾಗಿ ತಿಳಿಸಿ" ಎಂದು ಸಣ್ಣ ಅಕ್ಷರದಲ್ಲಿ ಇತ್ತು. ಅವಳು ಗಾಬರಿಯಲ್ಲಿ ಅದನ್ನು ಓದಿಯೇ ಇರಲಿಲ್ಲ.

ಬೇಗ ತಿಳಿಸುವುದರಿಂದ ಅವರಿಗಾಗುವ ಉಪಕಾರವನ್ನೂ ಹೇಳುತ್ತೇನೆ. ಒಂದು ಬೆಳಗ್ಗೆ ಹತ್ತೂವರೆಯಿಂದ ಒಂದೂವರೆವರೆಗೆ ಅರ್ಧರ್ಧ ಗಂಟೆಯಂತೆ ಆರು ಜನರನ್ನು ಕೂರಿಸಬಹುದು. ಐದಾರು ದಿನ ಮೊದಲೇ ಒಬ್ಬರು ಬರಲಾಗದು ಅಂದರೆ ಆ ಜಾಗಕ್ಕೆ ಏಳನೆಯವರನ್ನು ಕರೆಯುತ್ತಿದ್ದೆವು. ಹಿಂದಿನ ರಾತ್ರಿ ಅಂದರೆ ಆ ಅರ್ಧ ಗಂಟೆ ಮೂವರು ಅಧಿಕಾರಿಗಳೂ ಸುಮ್ಮನೆ ಕೂರಬೇಕಿತ್ತು, ಅವರ ಬೇಸರ ಮುಂದಿನ ಅಭ್ಯರ್ಥಿಯ ಮೇಲೆ ಬೀಳುತ್ತಿತ್ತು.

ಸೋಮವಾರ ಹನ್ನೊಂದೂಕಾಲಿಗೆ ನನ್ನ ತಂಗಿಯ ಮಗಳು ಕಂಪನಿಗೆ ಫೋನ್ ಮಾಡಿದಳು. ಏನು ಹೇಳಬೇಕೆಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಳು: ಹೆಸರು, ಹಳೆಯ ದಿನ, ಪತ್ರ ಕಳಿಸಿದ್ದೇನೆ, ಈಗ ಮಾತಾಡಲು ಬಿಡುವಿದೆಯೇ. ಅತ್ತ ಕಡೆಯ ಹೆಣ್ಣುಮಗಳು ಪತ್ರ ನೋಡಿದ್ದರು. ನೋಡಿ ಹೇಳುತ್ತೇನೆ ಅಂದರು. ಮಧ್ಯಾಹ್ನ ಮೂರಕ್ಕೆ ಉತ್ತರ ಬಂತು: ಸೋಮವಾರ, ಜೂನ್ 16, ಮಧ್ಯಾಹ್ನ 12ಕ್ಕೆ. ಅವಳು ಕೂಡಲೇ ಒಪ್ಪಿಗೆ ಬರೆದಳು. "ಸರಿ" ಎಂದಷ್ಟೇ ಬರೆಯಲಿಲ್ಲ, ತಾರೀಕು, ವಾರ, ಗಂಟೆ, ಜಾಗ ನಾಲ್ಕನ್ನೂ ತಿರುಗಿ ಬರೆದು, ಹದಿಮೂರು ಮತ್ತು ಹದಿನೇಳನ್ನು ತಾನಿನ್ನು ಕಾದಿರಿಸುವುದಿಲ್ಲ ಎಂದು ಸೇರಿಸಿದಳು. ಶುಕ್ರವಾರದ ಗೃಹಪ್ರವೇಶಕ್ಕೂ ಹೋಗಬಹುದಾಯಿತು.

ಆದರೂ ಒಂದು ಎಡವಟ್ಟಾಯಿತು. ಹನ್ನೆರಡರ ಬೆಳಗ್ಗೆ ಎಂಟಕ್ಕೆ, ಕಾಲೇಜಿಗೆ ಹೊರಟು ಬಸ್ಸಿನಲ್ಲಿದ್ದಾಗ, "ಇಂದು 10.30ಕ್ಕೆ ನಿಮ್ಮ ಸಂದರ್ಶನ" ಎಂಬ ನೆನಪೋಲೆ ಅವಳ ಮೊಬೈಲಿಗೆ ಬಂತು. ಕಂಪನಿಯವರು ಹೊಸ ದಿನವನ್ನು ಬರೆದಿದ್ದರು, ಹಳೆಯದನ್ನು ಅಳಿಸಿರಲಿಲ್ಲ. ಯಂತ್ರ ತನಗೆ ಹೇಳಿದ್ದ ಹೊತ್ತಿಗೆ ಕಳಿಸಿತ್ತು. ಹುಡುಗಿ ಹೆದರಿ ನನಗೆ ಫೋನ್ ಮಾಡಿದಳು, ದನಿ ನಡುಗುತ್ತಿತ್ತು. ಒಂಬತ್ತನೇ ತಾರೀಕಿನ ಉತ್ತರ ಪತ್ರ ನಿನ್ನ ಕೈಯಲ್ಲಿದೆ ತಾನೆ, ಅದನ್ನು ತೆರೆದು ಓದು ಅಂದೆ. ಓದಿದಳು. ಪರೀಕ್ಷೆಗೆ ಒಳಗೆ ಹೋಗುವ ಮೊದಲು, "ಇಂದಿನ ನೆನಪೋಲೆ ಹಳೆಯ ದಿನದ್ದೆಂದು ಭಾವಿಸಿದ್ದೇನೆ, 16ರ ಮಧ್ಯಾಹ್ನ 12ಕ್ಕೆ ಬರುತ್ತೇನೆ" ಎಂದು ಅದೇ ಪತ್ರಕ್ಕೆ ಎರಡು ಸಾಲು ಬರೆದು ಕಳಿಸಿ, ಮೊಬೈಲನ್ನು ಹೊರಗಿನ ಚೀಲದಲ್ಲಿಟ್ಟು ಲ್ಯಾಬಿಗೆ ಹೋದಳು. ಹನ್ನೆರಡೂವರೆಗೆ ಮುಗಿಯಬೇಕಾದ ಪರೀಕ್ಷೆ ಅವಳಿಗೆ ಮುಗಿದದ್ದು ಒಂದೂಮುಕ್ಕಾಲಿಗೆ.

ಹದಿನಾರರ ಬೆಳಗ್ಗೆ ಐದೂವರೆಗೆ ಅವಳಪ್ಪ ಅವಳನ್ನು ಹೆದ್ದಾರಿಯವರೆಗೆ ಬಿಟ್ಟುಬಂದರು. ಹತ್ತೂಮುಕ್ಕಾಲಿಗೆ ಕಂಪನಿಯ ಬಾಗಿಲಲ್ಲಿದ್ದಳು. ಕಾವಲಿನವರ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಹನ್ನೆರಡು ಗಂಟೆ ಎಂದಿತ್ತು. "ಇನ್ನೂ ಹೊತ್ತಿದೆ, ಕೂತ್ಕೊಳ್ಳಿ ತಾಯಿ" ಎಂದು ಅವರು ಫ್ಯಾನಿನ ಕೆಳಗಿನ ಕುರ್ಚಿ ತೋರಿಸಿದರಂತೆ.